ಅಮ್ಮನ ಮಿಡಿಭರಣಿ

ಪಲ್ಲವಿ

ಅಮ್ಮ, ನಿನ್ನ ಭರಣಿಯೊಳಗೆ ಬೇಸಗೆಯೆಲ್ಲ ಅಡಗಿದೆ,
ಮಲೆನಾಡಿನ ಮಿಡಿಯ ಕಂಪು ಮುಚ್ಚಳ ತೆರೆದರೆ ಹರಡಿದೆ,
ಮರದ ಸೌಟಿನ ಹಿಡಿಯಲಿನ್ನೂ ನಿನ್ನ ಬೆರಳ ಗುರುತಿದೆ.

ನುಡಿಗಳು

ಅಘನಾಶಿನಿ ದಂಡೆಯ ಅಪ್ಪೆಮರ ಫಾಲ್ಗುಣದಲಿ ಮಿಡಿ ತೂಗಿದರೆ
ಮರವೇರುವವಗೆ ನಿನ್ನದೊಂದೇ ಮಾತು: “ಕೊಂಬೆ ಬಡಿಯಬೇಡ,
ಮಗಾ, ಗೊಂಚಲು ಕೊಯ್ದು ಬುಟ್ಟಿಯಲಿಳಿಸು, ನೆಲಕೆ ಕೆಡವಬೇಡ.”

ಅಪ್ಪಳಿಸಿದ ಮಿಡಿಗೆ ಒಳಗೇ ಪೆಟ್ಟು, ಅಂದು ಕಣ್ಣಿಗೆ ಕಾಣದು,
ಮಳೆಗಾಲಕ್ಕೆ ಮೆತ್ತಗೆ ಕೊಳೆತು ಇಡೀ ಭರಣಿಯ ಕೆಡಿಸುವುದು,
ಮರುಕವಿಲ್ಲದೆ ಆರಿಸಿ ತೆಗೆವೆ, ಅದಕೆ ಅಪ್ಪೆಹುಳಿಯೇ ಸರಿಯೆಂದು.

ಅಂಗೈಯಲ್ಲಿ ಹೊರಳಿಸಿ ಮಿಡಿಯ ಹೆಬ್ಬೆರಳಿಂದ ಒತ್ತುವೆ,
ಮಧ್ಯೆ ಒಂದನು ಸೀಳಿ ನೋಡುವೆ, ಗೊರಟು ಬಲಿತಿರಬಾರದು,
ಮಟ್ಟಸ ತೊಟ್ಟು ಅರ್ಧ ಬೆರಳುದ್ದ, ಕಂಪಿನ ಸೊನೆ ಸೋರಬಾರದು.

ಅರಿವೆ ಹಾಸಿ ನೆರಳಲಿ ಹರಡಿ ತೊಳೆದ ನೀರ ಆರಿಸುವೆ,
ಮಡಿಬಟ್ಟೆಯಲಿ ಒಂದೊಂದನ್ನೇ ಕೂಸಿನಂತೆ ಒರೆಸುವೆ,
ಮರೆತು ಒಂದು ಹನಿ ಉಳಿದರೆ ಸಾಕು, ಬೂಸರಿಗೆ ದಾರಿಯೆನ್ನುವೆ.

ಅಳತೆಯೆಂದರೆ ಅಳತೆ: ನಾಲ್ಕು ಸೇರು ಮಿಡಿಗೆ ಸೇರು ಕಲ್ಲುಪ್ಪು,
ಮತ್ತೆ ಮಿಡಿ, ಅದರ ಮೇಲೆ ಉಪ್ಪು, ಪದರ ಪದರ ತುಂಬುತ,
ಮರೆಯದೆ ಕಟ್ಟಕಡೆಗೆ ಉಪ್ಪನೇ ಮೇಲೆ ಹಾಸಿ ಮುಚ್ಚುತ.

ಅರೆಬರೆ ಉಪ್ಪು ಸುರಿದವರ ಭರಣಿ ಆಷಾಢಕೇ ನೊರೆಗಟ್ಟೀತು,
ಮನಸು ಅಳುಕಿ ಕೈ ಹಿಡಿದರೆ ಮಿಡಿಯ ಗಟ್ಟಿತನವೇ ಕೆಟ್ಟೀತು,
“ಮಗಳೇ, ಉಪ್ಪೇ ಕಾಯುವುದಿದನು” ನಿನ್ನ ಮಾತು ಎದೆಗೆ ನಟ್ಟಿತು.

ಅಲುಗಿಸುವೆ ದಿನಕೊಮ್ಮೆ, ತಳದ ಮಿಡಿಯೂ ಮೇಲೆ ಬರುವಂತೆ,
ಮರುದಿನದಿಂದಲೇ ಉಪ್ಪು ಕರಗಿ ನೀರು ಬಿಟ್ಟು ಏರುವಂತೆ,
ಮಡಿಕೆ ಮಡಿಕೆ ಸುಕ್ಕಿ ಮಿಡಿ ಹದಿನೈದು ದಿನಕೆ ಮುದುರುವಂತೆ.

ಅದೇ ಉಪ್ಪುನೀರ ಬಸಿದು ಸೋಸಿ ಒಲೆಯ ಮೇಲೆ ಕುದಿಸುವೆ,
ಮರಳಿ ಮರಳಿ ಕುದ್ದ ಮೇಲೆ ರಾತ್ರಿಯಿಡೀ ತಣಿಸುವೆ,
ಮಂದ ಬಿಸಿಗೂ ಮಿಡಿ ಬೆಂದು ಮೆತ್ತಗಾದೀತು ಎಂಬೆ.

ಅರ್ಧ ಸೇರು ಬ್ಯಾಡಗಿ ಮೆಣಸು, ಪಾವು ಸಾಸಿವೆ ಬಿಸಿಲಿಗೆ,
ಮಡಚಿದರೆ ಮೆಣಸು ಚಟ್ಟನೆ ಮುರಿಯಲಿ, ಅರೆಯುವುದು ಆಮೇಲೆ,
ಮತ್ತೆರಡು ಚಮಚ ಅರಿಶಿನ. ಅರೆಯಲು ತಣಿದ ಉಪ್ಪುನೀರೇ, ಹಸಿನೀರಲ್ಲ.

ಅಡಿಮೇಲಾಗಿ ಕಲಸಿದ ಮಿಡಿಯ ಭರಣಿಗೆ ಒತ್ತಿ ತುಂಬುವೆ,
ಮಸಾಲೆನೀರು ಮಿಡಿ ಮುಳುಗಿಸಿ ಎರಡು ಬೆರಳು ನಿಲ್ಲಬೇಕು,
ಮಗುಚಿದ ಬಟ್ಟಲ ಭಾರವಿಟ್ಟು ಬಾಯಿಗೆ ಬಟ್ಟೆ ಬಿಗಿಯಬೇಕು.

ಅಟ್ಟದ ಕತ್ತಲ ಮೂಲೆಯಲಿ ಒಂದೂವರೆ ತಿಂಗಳು ಮುಟ್ಟಗೊಡೆ,
ಮನೆಗೆ ನೆಂಟರೇ ಬಂದು ಕೇಳಲಿ, “ಹದ ಬಂದಿಲ್ಲ” ಎಂಬುದೇ ನುಡಿ,
ಮಜ್ಜಿಗೆ ಅನ್ನದ ಬದಿಗೆ ಬಿದ್ದಾಗ ಆರಿದ್ರಾ ಮಳೆ, ಮೊದಲ ಮಿಡಿ.

ಅವಸರದಲ್ಲಿ ಯಾರೇ ಒದ್ದೆ ಸೌಟು ತಂದರೆ ಕೈ ತಡೆಯುವೆ,
ಮರದ ಒಣಸೌಟಲಿ ಬೇಕಾದಷ್ಟನೇ ಪುಟ್ಟ ಜಾಡಿಗೆ ತೆಗೆಯುವೆ,
ಮಳೆಯ ತೇವದ ಗಾಳಿ ಸೋಕದೆ ಮತ್ತೆ ಬಾಯಿ ಬಿಗಿಯುವೆ.

ಅರಿಯದೆ ನೀರು ಇಂಗಿ ಮಿಡಿಯ ತೊಟ್ಟು ಹೊರಗೆ ಕಂಡರೆ
ಮತ್ತೆ ಉಪ್ಪುನೀರ ಕಾಸಿ, ತಣಿಸಿ ಎರೆಯದೆ ನಿದ್ದೆ ನಿನಗಿಲ್ಲ,
ಮಳೆಗಾಲ ಎರಡು ಕಳೆದರೂ ಕಚ್ಚಿದಾಗ ಕರುಮುರು ಸದ್ದು ತಪ್ಪಿಲ್ಲ.

ಅಮ್ಮ, ದೂರದೂರಿಗೆ ಹೊರಟವರ ಚೀಲಕೆ ಜಾಡಿಯಿಡುವೆ,
ಮಸಾಲೆ ಸೋರದಂತೆ ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟುವೆ,
ಮಗನಿಗೊಂದು, ಮಗಳಿಗೊಂದು, ಪಕ್ಕದ ಮನೆಗೂ ಒಂದು ಎತ್ತಿಡುವೆ.