ಉಯಿಲಿನ ಮೂಲಕ ದಾನ: ನಮ್ಮ ಹಿರಿಯ ದಾನಿಗಳಿಗೆ ಒಂದು ಪತ್ರ

ಮಾನ್ಯ ಹಿರಿಯರೇ,

ನಮಸ್ಕಾರ.

ದಾಸೋಹಕ್ಕೆ ನೀವು ಎಷ್ಟೋ ವರ್ಷಗಳಿಂದ ಅಕ್ಕಿ, ಬೇಳೆ ಕಳಿಸುತ್ತಾ ಬಂದಿದ್ದೀರಿ. ತಂದೆ ತಾಯಿಯ ಪುಣ್ಯತಿಥಿಗೆ ಅನ್ನಸಂತರ್ಪಣೆ ಮಾಡಿಸಿದ್ದೀರಿ. ಹಾಸ್ಟೆಲ್ ಮಕ್ಕಳ ಪುಸ್ತಕಕ್ಕೆ ಯಾರೂ ಕೇಳದೆಯೇ ಹಣ ಕೊಟ್ಟಿದ್ದೀರಿ. ಇತ್ತೀಚೆಗೆ ಕಚೇರಿಗೆ ಬಂದ ಕೆಲವರು, "ನಾನು ಹೋದ ಮೇಲೂ ಇದು ನಡೀಬೇಕು, ವಿಲ್‌ನಲ್ಲಿ ಏನಾದರೂ ಬರೆದಿಡಬಹುದಾ?" ಎಂದು ಕೇಳಿದರು. ಬಾಯಿಮಾತಿನಲ್ಲಿ ಅರ್ಧಂಬರ್ಧ ಉತ್ತರ ಕೊಡುವ ವಿಷಯ ಇದಲ್ಲ. ಹಾಗಾಗಿ ಟ್ರಸ್ಟಿಗಳೆಲ್ಲ ಕೂತು ಮಾತಾಡಿ ಈ ಪತ್ರ ಬರೆಯುತ್ತಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಉಯಿಲಿನಲ್ಲಿ ನಮಗೆ ಏನಾದರೂ ಬಿಡಿ ಎಂದು ನಾವು ಯಾರನ್ನೂ ಕೇಳುವುದಿಲ್ಲ. ನೀವು ಬರೆದರೂ ಬರೆಯದಿದ್ದರೂ ಪೂಜೆಯಲ್ಲಿ, ಪ್ರಸಾದದಲ್ಲಿ, ನಿಮ್ಮನ್ನು ಕಾಣುವ ರೀತಿಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಎಷ್ಟು ಬರೆದಿದ್ದೀರಿ ಎಂದು ಯಾರೂ ವಿಚಾರಿಸುವುದಿಲ್ಲ. ಟ್ರಸ್ಟ್ ಹೆಸರು ಹೇಳಿಕೊಂಡು ಯಾರಾದರೂ ಮನೆಗೆ ಬಂದು ಒತ್ತಾಯ ಮಾಡಿದರೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಕೂಡಲೇ ನಮಗೆ ತಿಳಿಸಿ.

ಮನೆಯವರು ಮೊದಲು. ನಿಮ್ಮ ಸಂಗಾತಿಯ ಮುಂದಿನ ಜೀವನ, ಔಷಧಿ ಮತ್ತು ಆಸ್ಪತ್ರೆಯ ಖರ್ಚು, ನಿಮ್ಮನ್ನೇ ನಂಬಿಕೊಂಡಿರುವ ಮಗ ಅಥವಾ ಮಗಳು, ಇವೆಲ್ಲಕ್ಕೂ ದಾರಿ ಮಾಡಿಟ್ಟ ಮೇಲೆ ಉಳಿಯುತ್ತದೆ ಅನ್ನಿಸಿದರೆ ಮಾತ್ರ ಟ್ರಸ್ಟ್ ನೆನಪಾಗಲಿ. ಬರೆಯುವ ಮುಂಚೆ ಮಕ್ಕಳ ಜೊತೆ ಮಾತಾಡಿ. ಕಾನೂನು ಹಾಗೆ ಹೇಳುವುದಿಲ್ಲ, ನಿಜ. ಆದರೆ ಯಾರಿಗೂ ಹೇಳದೆ ಇಟ್ಟ ಉಯಿಲು, ದುಃಖದಲ್ಲಿರುವ ಮನೆಯಲ್ಲಿ ದಿಢೀರನೆ ಹೊರಗೆ ಬಂದರೆ ನೋವು ಜಾಸ್ತಿ ಆಗುತ್ತದೆ ಅಲ್ವಾ? ನಿಮ್ಮ ಮಕ್ಕಳ ಮನಸ್ಸು ಮುರಿದು ಬರುವ ದಾನದಿಂದ ದಾಸೋಹದ ಒಲೆ ಉರಿಯುವುದು ನಮಗೆ ಬೇಡ.

ಉಯಿಲು ನಿಮ್ಮ ಕಾಲಾನಂತರವೇ ಜಾರಿಗೆ ಬರುವ ಪತ್ರ. ಅಲ್ಲಿಯವರೆಗೆ ಮನೆ, ಹಣ, ಒಡವೆ ಎಲ್ಲ ನಿಮ್ಮದೇ. ಮಾರಬಹುದು, ಖರ್ಚು ಮಾಡಬಹುದು. ಬುದ್ಧಿ ಸ್ವಾಧೀನದಲ್ಲಿರುವವರೆಗೆ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ರದ್ದು ಮಾಡಬಹುದು. ನಮಗೆ ಮೊದಲೇ ತಿಳಿಸಿದ್ದರೂ ಅಷ್ಟೇ. ಮನಸ್ಸು ಬದಲಾದರೆ ಕಾರಣ ಹೇಳಬೇಕಿಲ್ಲ. ದಾನಪತ್ರದ ವಿಷಯ ಬೇರೆ. ಅದು ನೋಂದಣಿಯಾಗಿ ಸ್ವೀಕಾರ ಆಯಿತೆಂದರೆ ಸಾಮಾನ್ಯವಾಗಿ ವಾಪಸ್ ಪಡೆಯಲು ಆಗುವುದಿಲ್ಲ. ಅದಕ್ಕೇ, ಹಿರಿಯರು ತಾವು ವಾಸವಿರುವ ಮನೆಯನ್ನು ದಾನಪತ್ರ ಮಾಡಿಕೊಡಲು ಬಂದರೆ ಟ್ರಸ್ಟ್ ಒಪ್ಪಿಕೊಳ್ಳುವುದಿಲ್ಲ. ತಲೆ ಮೇಲಿನ ಸೂರು ನಿಮ್ಮ ಕೈಯಲ್ಲೇ ಇರಲಿ.

ಏನನ್ನು ಬರೆಯಬಹುದು ಎನ್ನುವಲ್ಲಿ ಸ್ವಲ್ಪ ಎಚ್ಚರ ಬೇಕು. ನೀವೇ ದುಡಿದು ಮಾಡಿದ ಆಸ್ತಿ ಆದರೆ ತೊಡಕು ಕಡಿಮೆ. ಪಿತ್ರಾರ್ಜಿತ ಅಥವಾ ಒಟ್ಟು ಕುಟುಂಬದ ಆಸ್ತಿ ಆದರೆ ನಿಮ್ಮ ಪಾಲಿಗೆ ಬರುವಷ್ಟನ್ನು ಮಾತ್ರ ಬರೆಯಬಹುದು. 2005ರ ತಿದ್ದುಪಡಿಯ ನಂತರ ಅದರಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಎನ್ನುವುದನ್ನು ಮರೆಯಬೇಡಿ. ಗೇಣಿಯಿಂದ ಬಂದ ಜಮೀನು, ಸರ್ಕಾರ ಮಂಜೂರು ಮಾಡಿದ ಜಮೀನು, ಒಟ್ಟಾರೆ ಕೃಷಿ ಭೂಮಿ ಯಾವುದೇ ಇದ್ದರೂ ಅದಕ್ಕೆ ಬೇರೆ ಕಾನೂನುಗಳಿವೆ. ವಕೀಲರಿಗೆ ಪಹಣಿ, ಮಂಜೂರಾತಿ ಪತ್ರ ತೋರಿಸದೆ ಅಂಥದ್ದನ್ನು ಬರೆಯಲೇಬೇಡಿ. ನಮ್ಮ ದಾಸೋಹಕ್ಕೆ ಕೊಡುವ ಮುಸ್ಲಿಂ ಹಿತೈಷಿಗಳೂ ಇದ್ದಾರೆ. ಅವರ ವೈಯಕ್ತಿಕ ಕಾನೂನಿನಲ್ಲಿ, ವಾರಸುದಾರರ ಒಪ್ಪಿಗೆ ಇಲ್ಲದಿದ್ದರೆ, ಸಾಮಾನ್ಯವಾಗಿ ಮೂರನೇ ಒಂದು ಭಾಗದವರೆಗೆ ಮಾತ್ರ ಉಯಿಲು ಬರೆಯಬಹುದು.

ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ಅಷ್ಟು ಸಾಕು ಎಂದು ಹಲವರು ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ನಾಮಿನಿ ಹಣವನ್ನು ಪಡೆದುಕೊಳ್ಳುವವರು ಮಾತ್ರ. ಅದು ಕೊನೆಗೆ ಯಾರಿಗೆ ಸೇರಬೇಕು ಎಂಬುದನ್ನು ಉಯಿಲು, ಉಯಿಲು ಇಲ್ಲದಿದ್ದರೆ ವಾರಸುದಾರಿಕೆಯ ಕಾನೂನು ತೀರ್ಮಾನಿಸುತ್ತದೆ.

ಇನ್ನು, ಬರೆಯುವ ರೀತಿ. ಯಜಮಾನರೊಬ್ಬರು ಉಯಿಲಿನಲ್ಲಿ ಒಂದು ಎಫ್‌ಡಿಯ ನಂಬರ್ ಬರೆದು, ಇದು ಟ್ರಸ್ಟಿಗೆ ಎಂದು ಹೇಳಿದ್ದಾರೆ ಅಂದುಕೊಳ್ಳಿ. ಎರಡು ವರ್ಷದಲ್ಲಿ ಆ ಎಫ್‌ಡಿ ಮುಗಿಯುತ್ತದೆ. ಅವರು ಆ ಹಣವನ್ನು ಸೊಸೆಯ ಆಪರೇಷನ್ನಿಗೆ ಬಳಸುತ್ತಾರೆ, ಬಳಸಲೇಬೇಕು. ಉಳಿದದ್ದನ್ನು ಬೇರೆ ಬ್ಯಾಂಕಿನಲ್ಲಿ ಇಡುತ್ತಾರೆ. ಉಯಿಲಿನಲ್ಲಿ ಮಾತ್ರ ಹಳೆಯ ನಂಬರೇ ಉಳಿದಿರುತ್ತದೆ. ಅವರ ಕಾಲಾನಂತರ ಆ ಸಾಲಿಗೆ ಅರ್ಥ ಏನು ಎಂದು ಮಕ್ಕಳೂ ತಲೆ ಕೆಡಿಸಿಕೊಳ್ಳಬೇಕು, ನಾವೂ ಕೆಡಿಸಿಕೊಳ್ಳಬೇಕು. ಅದರ ಬದಲು ಪಾಲಿನ ಲೆಕ್ಕದಲ್ಲಿ ಬರೆಯುವುದು ಒಳ್ಳೆಯದು ಎಂದು ನಮ್ಮ ಅನಿಸಿಕೆ. ನಿಮ್ಮ ವಕೀಲರಿಗೆ ತೋರಿಸಲು ಒಂದು ಮಾದರಿ ಹೀಗಿದೆ:

"ನನ್ನ ಸಾಲಗಳು ಮತ್ತು ಅಂತ್ಯಕ್ರಿಯೆಯ ಖರ್ಚು ತೀರಿ, ಮೇಲೆ ಹೇಳಿದವರಿಗೆ ಅವರವರ ಪಾಲು ಸೇರಿದ ನಂತರ ಉಳಿಯುವ ನನ್ನ ಸ್ವಯಾರ್ಜಿತ ಆಸ್ತಿಯಲ್ಲಿ ಹತ್ತನೇ ಒಂದು ಭಾಗವು ಟ್ರಸ್ಟಿಗೆ ದಾಸೋಹದ ಕೆಲಸಕ್ಕಾಗಿ ಸೇರತಕ್ಕದ್ದು. ಮುಂದೆ ಆ ಕೆಲಸ ನಡೆಸಲು ಸಾಧ್ಯವಾಗದಿದ್ದರೆ, ಅದಕ್ಕೆ ಹತ್ತಿರವಾದ ಬೇರೆ ಕೆಲಸಕ್ಕೆ ಟ್ರಸ್ಟಿಗಳು ಬಳಸಬಹುದು."

ಟ್ರಸ್ಟಿನ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್ ಸಂಖ್ಯೆಗಳನ್ನು ನಿಮ್ಮ ದಾನದ ರಸೀದಿಯ ಮೇಲ್ಭಾಗದಲ್ಲಿ ಅಚ್ಚಾಗಿರುವಂತೆಯೇ ಬರೆಸಿ. "ಮಠಕ್ಕೆ", "ದೇವರಿಗೆ" ಎಂದಷ್ಟೇ ಬರೆದರೆ ಯಾವ ಮಠ, ಯಾವ ದೇವರು ಎಂಬ ಪ್ರಶ್ನೆ ಏಳುತ್ತದೆ. ಹಳೆಯ ದತ್ತಿ ಶಾಸನಗಳನ್ನು ನೋಡಿ, ನಂದಾದೀಪಕ್ಕೆ ಬಿಟ್ಟ ಹೊಲದ ನಾಲ್ಕೂ ಗಡಿಗಳನ್ನು, ಸಾಕ್ಷಿಗಳ ಹೆಸರನ್ನು ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿಗೆ ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ನಿಮ್ಮ ಎದುರಿಗೇ ಸಹಿ ಹಾಕಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿದ್ದರೆ ಅನುಕೂಲ, ಮುಂದೊಂದು ದಿನ ಕೋರ್ಟಿನಲ್ಲಿ ಅವರು ಹೇಳಿಕೆ ಕೊಡಬೇಕಾಗಿ ಬರಬಹುದು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವುದು ಒಳ್ಳೆಯದು. ವಯಸ್ಸಾದವರು ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಜೊತೆಗೆ ಇಟ್ಟರೆ ಮುಂದೆ ಅನುಮಾನಕ್ಕೆ ಆಸ್ಪದ ಕಡಿಮೆ.

ನಮ್ಮ ಟ್ರಸ್ಟಿಗಳಾಗಲಿ, ಅರ್ಚಕರಾಗಲಿ, ಸಿಬ್ಬಂದಿಯಾಗಲಿ ನಿಮ್ಮ ಉಯಿಲು ಬರೆದುಕೊಡುವುದಿಲ್ಲ, ಅದಕ್ಕೆ ಸಾಕ್ಷಿ ಹಾಕುವುದಿಲ್ಲ, ವಕೀಲರ ಫೀಸನ್ನೂ ಕಟ್ಟುವುದಿಲ್ಲ. ಇದನ್ನು ಬೇಸರದಿಂದ ತೆಗೆದುಕೊಳ್ಳಬೇಡಿ. ಪಡೆಯುವವರೇ ಬರೆಸಿದರು ಎಂಬ ಮಾತು ನಾಳೆ ನಿಮ್ಮ ಮೇಲೂ ದಾಸೋಹದ ಮೇಲೂ ಬರಬಾರದು. ನಿಮಗೆ ನಂಬಿಕೆ ಇರುವ ವಕೀಲರನ್ನು ನೀವೇ ಆರಿಸಿಕೊಳ್ಳಿ. ಈ ಪತ್ರದಲ್ಲಿರುವುದು ಸಾಮಾನ್ಯ ಮಾಹಿತಿ ಮಾತ್ರ, ನಿಮ್ಮ ಆಸ್ತಿಯ ಬಗ್ಗೆ ಅವರು ಕೊಡುವ ಸಲಹೆಯೇ ಮುಖ್ಯ. ತೆರಿಗೆಯ ಬಗ್ಗೆ ಆಡಿಟರನ್ನು ಕೇಳಿ. ಈಗ ಕೊಡುವ ದಾನಕ್ಕೆ ಸಿಗುವ ರಿಯಾಯಿತಿ ಉಯಿಲಿನ ದಾನಕ್ಕೂ ಸಿಗುತ್ತದೆ ಎಂದು ಎಣಿಸಬೇಡಿ.

ಉಯಿಲಿನಿಂದ ಬಂದ ಹಣವನ್ನು ಬೇರೆ ಖಾತೆಯಲ್ಲಿ ಇಡುತ್ತೇವೆ. ಯಾವ ಕೆಲಸಕ್ಕೆ ಬರೆದಿದ್ದೀರೋ ಅದಕ್ಕೇ ಬಳಸಿ, ಆಡಿಟ್ ಆದ ಲೆಕ್ಕವನ್ನು ನಿಮ್ಮ ಮನೆಯವರು ಕೇಳಿದಾಗ ತೋರಿಸುತ್ತೇವೆ. ಹೆಸರು ಫಲಕದಲ್ಲಿ ಬೇಡ ಎಂದರೆ ಹಾಕುವುದಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯಬೇಕಿಲ್ಲ. ಏನಾದರೂ ಕೇಳಬೇಕಿದ್ದರೆ, ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ನಾನು ಕಚೇರಿಯಲ್ಲಿ ಸಿಗುತ್ತೇನೆ. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಬನ್ನಿ. ಮೆಟ್ಟಿಲು ಹತ್ತಲು ಕಷ್ಟವಾದರೆ ಕೆಳಗೆ ಹೇಳಿ ಕಳಿಸಿ, ನಾನೇ ಇಳಿದು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಟ್ರಸ್ಟಿಗಳ ಪರವಾಗಿ)