ಕೆಳಗೆ ಕುಣಿಕೆ, ಮೇಲೆ ಕಾರಣ

ಶ್ವೇತಾ,

ದಿಂಬಿನ ಕವರಿನ ಫೋಟೋ ನೋಡಿದೆ. ಮೇಲೆ ಹೊಲಿಗೆ ನೆಟ್ಟಗಿದೆ, ಅಡಿಯಲ್ಲಿ ಮಾತ್ರ ಕೆಂಪು ದಾರ ಕುಣಿಕೆ ಕುಣಿಕೆಯಾಗಿ ಜೋತುಬಿದ್ದಿದೆ. ಬಾಬಿನ್ ಕೆಟ್ಟಿದೆ ಎಂದುಕೊಂಡು ಡೊಂಬಿವಲಿ ಸ್ಟೇಷನ್‌ವರೆಗೆ ಮಷೀನ್ ಹೊತ್ತುಕೊಂಡು ಹೋಗಬೇಡ, ಬಾಬಿನ್ ಕೇಸಿನ ಸ್ಕ್ರೂವನ್ನೂ ಮುಟ್ಟಬೇಡ. ನೀನು ಬಾಬಿನ್‌ಗೆ ಸುತ್ತಿದ್ದು ಬಿಳಿ ದಾರ. ಜೋತುಬಿದ್ದಿರುವುದು ಕೆಂಪು, ಅಂದರೆ ಮೇಲಿನದು.

ಸೂಜಿ ಕೆಳಗಿಳಿದಾಗ ಅಡಿಯ ಕೊಕ್ಕೆ ಮೇಲಿನ ದಾರವನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಅದಕ್ಕೆ ಸಾಕಷ್ಟು ದಾರ ಬೇಕು. ಕೆಲಸ ಮುಗಿದ ಕೂಡಲೇ ಮೇಲೆ ಕೆಳಗೆ ಆಡುವ ಲಿವರ್ ಆ ಹೆಚ್ಚುವರಿ ದಾರವನ್ನು ಮೇಲಕ್ಕೆಳೆದು ಹೊಲಿಗೆ ಬಿಗಿಯುತ್ತದೆ. ಆಗ ಟೆನ್ಶನ್ನಿನ ಎರಡು ಬಿಲ್ಲೆಗಳು ದಾರವನ್ನು ಅದುಮಿ ಹಿಡಿದಿರಬೇಕು. ಹಿಡಿಯದಿದ್ದರೆ ಲಿವರ್ ಅಡಿಯಿಂದ ಎಳೆಯುವ ಬದಲು ರೀಲಿನಿಂದ ಹೊಸ ದಾರ ಎಳೆದುಕೊಳ್ಳುತ್ತದೆ, ಹಳೆಯದು ಅಡಿಯಲ್ಲೇ ಉಳಿಯುತ್ತದೆ. ಟೆನ್ಶನ್ನನ್ನು 7ಕ್ಕೆ ತಿರುಗಿಸಿದರೂ ಏನೂ ಬದಲಾಗಲಿಲ್ಲ ಎಂದು ಬರೆದಿದ್ದೀಯಲ್ಲ, ಅದರಿಂದಲೇ ನನಗೆ ಅನುಮಾನ ಬಂತು. ದಾರ ಬಿಲ್ಲೆಗಳ ನಡುವೆ ಇಲ್ಲವೇ ಇಲ್ಲ. ಬಟ್ಟೆಯನ್ನು ಅದುಮಿ ಹಿಡಿಯುವ ಮಷೀನಿನ ಪಾದವನ್ನು ಇಳಿಸಿಟ್ಟೇ ದಾರ ಪೋಣಿಸಿರಬೇಕು. ಪಾದ ಇಳಿದಿದ್ದಾಗ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಮೇಲಿಂದಲೇ ಜಾರಿಹೋಗುತ್ತದೆ.

ಟೆನ್ಶನ್ನನ್ನು ಮತ್ತೆ 4ಕ್ಕೆ ತಾ. ದಾರವನ್ನು ರೀಲಿನ ಹತ್ತಿರ ಕತ್ತರಿಸಿ ಸೂಜಿಯ ಕಡೆಯಿಂದ ಹೊರಗೆಳೆ. ಹಿಂದಕ್ಕೆ ಎಳೆದರೆ ಅದರ ನೂಲಿನ ಎಳೆಗಳು ಬಿಲ್ಲೆಯೊಳಗೆ ಸಿಕ್ಕಿಕೊಳ್ಳುತ್ತವೆ. ಈಗ ಪಾದವನ್ನು ಮೇಲೆತ್ತು. ಕೈಚಕ್ರವನ್ನು ನಿನ್ನ ಕಡೆಗೇ ತಿರುಗಿಸುತ್ತಾ ಲಿವರ್ ತುತ್ತತುದಿಗೆ ಬರುವಂತೆ ಮಾಡು. ರೀಲಿನಿಂದ ದಾರ ತಂದು ಬಿಲ್ಲೆಗಳ ನಡುವೆ ಇಳಿಸುವಾಗ ಬಲಗೈಯಿಂದ ರೀಲಿನ ಬಳಿ ಹಿಡಿದು ಎಡಗೈಯಿಂದ ಎಳೆ. ದಾರ ಒಳಗೆ ಕೂತದ್ದು ಬೆರಳಿಗೇ ತಿಳಿಯುತ್ತದೆ. ಅಲ್ಲಿಂದ ಪುಟ್ಟ ಸ್ಪ್ರಿಂಗ್, ಲಿವರಿನ ಕಣ್ಣು, ಸೂಜಿಯ ಮೇಲಿನ ಕೊಂಡಿ, ಕೊನೆಗೆ ಸೂಜಿ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೆ ಗೀರು ಇದೆ, ದಾರ ಆ ಬದಿಯಿಂದ ಒಳಗೆ ಹೋಗಬೇಕು. ಲಿವರಿನ ಕಣ್ಣನ್ನು ಮರೆತರೂ ಅಡಿಯಲ್ಲಿ ಇದೇ ಗೊಂಡೆ ಕಟ್ಟುತ್ತದೆ.

ಹೊಲಿಯುವ ಮೊದಲು ಒಂದು ಪರೀಕ್ಷೆ ಮಾಡು. ಪಾದ ಮೇಲಿದ್ದಾಗ ದಾರ ಎಳೆ, ಸಲೀಸಾಗಿ ಬರಬೇಕು. ಪಾದ ಇಳಿಸಿ ಎಳೆ, ಸೂಜಿ ತುಸು ಬಾಗುವಷ್ಟು ಬಿಗಿ ಇರಬೇಕು. ಇಲ್ಲವಾದರೆ ಮೊದಲಿನಿಂದ ಪೋಣಿಸು. ನಾನೂ ಎಷ್ಟೋ ಸಲ ಎರಡು ಬಾರಿ ಪೋಣಿಸಿದ್ದೇನೆ, ಬೇಸರಪಡಬೇಡ.

ಬಾಬಿನ್ ದಾರವನ್ನೂ ಮೇಲೆ ತಂದು, ಎರಡನ್ನೂ 10 ಸೆಂ.ಮೀ.ಯಷ್ಟು ಹಿಂದಕ್ಕೆ ಬಿಟ್ಟು, ಮೊದಲ ನಾಲ್ಕೈದು ಹೊಲಿಗೆಯ ತನಕ ಬೆರಳಲ್ಲಿ ಹಿಡಿದುಕೋ. ಕವರಿನ ಮೇಲೆ ಬೇಡ, ಅದೇ ಬಟ್ಟೆಯ ತುಂಡನ್ನು ಎರಡು ಮಡಿಕೆ ಮಾಡಿ ಹೊಲಿ. ಆ ತುಂಡನ್ನು ಶನಿವಾರ ತರಗತಿಗೆ ತಾ, ಅಡಿಭಾಗವನ್ನು ನಾನೇ ನೋಡುತ್ತೇನೆ.

ನಿನ್ನ ಟೀಚರ್