ಥ್ರೀ ಫೇಸ್ ಇಂಡಕ್ಷನ್ ಮೋಟಾರ್: ಎಲೆಕ್ಟ್ರಿಕಲ್ ಡಿಪ್ಲೊಮಾ ತರಗತಿಯ ಟಿಪ್ಪಣಿ, ಟೈಪ್ ಮಾಡಿದ ಪ್ರತಿ

ಓದುವವರ ಗಮನಕ್ಕೆ

ಮೇಡಂ ತರಗತಿಯಲ್ಲಿ ಕನ್ನಡದಲ್ಲಿ ವಿವರಿಸಿದ್ದನ್ನು ನೋಟ್‌ಬುಕ್ಕಿನಿಂದ ಇಲ್ಲಿಗೆ ಇಳಿಸಿದ್ದೇನೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ಲ್ಯಾಬಿನ ಮೋಟಾರಿನ ನೇಮ್‌ಪ್ಲೇಟಿನ ಮೇಲೆಯೂ ನಾವು ನೋಡುವುದು ಇಂಗ್ಲಿಷ್ ಹೆಸರುಗಳನ್ನೇ ಆದ್ದರಿಂದ ತಾಂತ್ರಿಕ ಪದಗಳನ್ನು ಹಾಗೆಯೇ ಉಳಿಸಿ, ಕಾರಣಗಳ ವಿವರಣೆಯನ್ನು ಮಾತ್ರ ಕನ್ನಡದಲ್ಲಿ ಇಟ್ಟಿದ್ದೇನೆ. ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದ ಮಾತುಗಳನ್ನು ಆಯಾ ವಿಷಯದ ಜೊತೆಗೇ ಸೇರಿಸಿದ್ದೇನೆ. ಚಿತ್ರಗಳ ಬದಲು ಅವುಗಳ ವಿವರಣೆ ಇದೆ.

1. ರಚನೆ

ಇಂಡಕ್ಷನ್ ಮೋಟಾರಿನಲ್ಲಿ ಎರಡು ಮುಖ್ಯ ಭಾಗಗಳಿವೆ: ನಿಂತಿರುವ ಸ್ಟೇಟರ್ ಮತ್ತು ತಿರುಗುವ ರೋಟರ್. ಸ್ಟೇಟರಿನ ಒಳಮೈಯ ಸ್ಲಾಟುಗಳಲ್ಲಿ ಥ್ರೀ ಫೇಸ್ ವೈಂಡಿಂಗ್ ಇರುತ್ತದೆ. ಸಪ್ಲೈ ಸಿಗುವುದು ಇದಕ್ಕೆ ಮಾತ್ರ. ಸ್ಕ್ವಿರಲ್ ಕೇಜ್ ರೋಟರಿನಲ್ಲಿ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಬಾರ್‌ಗಳನ್ನು ಎರಡೂ ತುದಿಗಳಲ್ಲಿ ಎಂಡ್ ರಿಂಗುಗಳಿಂದ ಶಾರ್ಟ್ ಮಾಡಿರುತ್ತಾರೆ. ಈ ಬಾರ್‌ಗಳು ಶಾಫ್ಟಿಗೆ ಸಮಾನಾಂತರವಾಗಿರದೆ ಸ್ವಲ್ಪ ಓರೆಯಾಗಿರುತ್ತವೆ. ಇದನ್ನು ಸ್ಕ್ಯೂಯಿಂಗ್ ಎನ್ನುತ್ತಾರೆ, ಇದರಿಂದ ಮೋಟಾರಿನ ಗುಂಯ್ ಶಬ್ದವೂ ಕಾಗಿಂಗೂ ಕಡಿಮೆಯಾಗುತ್ತವೆ. ಸ್ಲಿಪ್ ರಿಂಗ್ ರೋಟರಿನಲ್ಲಿ ಬಾರ್‌ಗಳ ಬದಲು ವೈಂಡಿಂಗ್ ಇದ್ದು, ಅದರ ತುದಿಗಳು ಸ್ಲಿಪ್ ರಿಂಗ್ ಮತ್ತು ಬ್ರಷ್‌ಗಳ ಮೂಲಕ ಹೊರಗೆ ಬರುತ್ತವೆ.

2. ರೋಟೇಟಿಂಗ್ ಮ್ಯಾಗ್ನೆಟಿಕ್ ಫೀಲ್ಡ್

ಸ್ಟೇಟರಿನ ಮೂರು ಫೇಸ್ ವೈಂಡಿಂಗ್‌ಗಳು ಒಂದಕ್ಕೊಂದು 120 ಎಲೆಕ್ಟ್ರಿಕಲ್ ಡಿಗ್ರಿ ದೂರದಲ್ಲಿರುತ್ತವೆ. ಅವುಗಳಲ್ಲಿ ಹರಿಯುವ ಕರೆಂಟುಗಳೂ ಕಾಲದಲ್ಲಿ 120 ಡಿಗ್ರಿ ಅಂತರದಲ್ಲಿರುತ್ತವೆ. ಹೀಗಾಗಿ ಯಾವ ಭಾಗವೂ ಅಲುಗಾಡದಿದ್ದರೂ ಮೂರರ ಫ್ಲಕ್ಸ್ ಸೇರಿ ಸ್ಥಿರ ಪ್ರಮಾಣದ ಒಂದು ಫೀಲ್ಡ್ ಉಂಟಾಗಿ, ಏರ್ ಗ್ಯಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. 1888ರಲ್ಲಿ ಗೆಲಿಲಿಯೊ ಫೆರಾರಿಸ್ ಮತ್ತು ನಿಕೊಲಾ ಟೆಸ್ಲಾ ಬೇರೆಬೇರೆಯಾಗಿ ಪ್ರಕಟಿಸಿದ್ದು ಈ ತಿರುಗುವ ಫೀಲ್ಡಿನ ವಿಚಾರವನ್ನೇ. ಫೀಲ್ಡ್ ತಿರುಗುವ ವೇಗಕ್ಕೆ ಸಿಂಕ್ರೋನಸ್ ಸ್ಪೀಡ್ ಎಂದು ಹೆಸರು.

Ns = 120 f / P

ಇಲ್ಲಿ f ಎಂಬುದು ಸಪ್ಲೈ ಫ್ರೀಕ್ವೆನ್ಸಿ, P ಎಂಬುದು ಪೋಲ್‌ಗಳ ಒಟ್ಟು ಸಂಖ್ಯೆ. ಪೋಲ್ ಜೋಡಿಗಳ ಸಂಖ್ಯೆಯಲ್ಲ. ನಮ್ಮ 50 Hz ಸಪ್ಲೈನಲ್ಲಿ 2 ಪೋಲಿಗೆ 3000 rpm, 4 ಪೋಲಿಗೆ 1500 rpm, 6 ಪೋಲಿಗೆ 1000 rpm ಬರುತ್ತದೆ. ಯಾವುದಾದರೂ ಎರಡು ಫೇಸ್‌ಗಳನ್ನು ಅದಲುಬದಲು ಮಾಡಿದರೆ ಫೀಲ್ಡ್ ಹಿಮ್ಮುಖವಾಗಿ ಸುತ್ತುತ್ತದೆ, ಮೋಟಾರೂ ಹಾಗೆಯೇ. ಬೋರ್‌ವೆಲ್ ಪಂಪನ್ನು ಮೇಲೆತ್ತಿ ಮತ್ತೆ ಇಳಿಸಿದ ಮೇಲೆ ನೀರು ಸರಿಯಾಗಿ ಬರದಿದ್ದರೆ ಮೊದಲು ಫೇಸ್ ಬದಲಿಸಿ ನೋಡುವುದು ಇದೇ ಕಾರಣಕ್ಕೆ.

3. ಸ್ಲಿಪ್

ಇಡೀ ಅಧ್ಯಾಯದ ಜೀವಾಳ ಇದು. ಮೇಡಂ ಇದನ್ನು ಎರಡು ಸಲ ವಿವರಿಸಿದ್ದರಿಂದ ಇಲ್ಲಿಯೂ ವಿಸ್ತಾರವಾಗಿಯೇ ಇಟ್ಟಿದ್ದೇನೆ.

ಸುತ್ತುವ ಫೀಲ್ಡ್ ರೋಟರ್ ಬಾರ್‌ಗಳನ್ನು ದಾಟುತ್ತಾ ಹೋದಾಗ ಅವುಗಳಲ್ಲಿ ಇಎಂಎಫ್ ಹುಟ್ಟುತ್ತದೆ. ಬಾರ್‌ಗಳು ಶಾರ್ಟ್ ಆಗಿರುವುದರಿಂದ ಕರೆಂಟ್ ಹರಿಯುತ್ತದೆ. ಆ ಕರೆಂಟ್ ಮತ್ತು ಫೀಲ್ಡ್ ಸೇರಿ ಟಾರ್ಕ್ ಉಂಟಾಗುತ್ತದೆ. ಲೆನ್ಸ್ ನಿಯಮದ ಪ್ರಕಾರ ರೋಟರಿನ ಕರೆಂಟ್ ತನ್ನ ಹುಟ್ಟಿಗೆ ಕಾರಣವಾದ ವೇಗದ ವ್ಯತ್ಯಾಸವನ್ನೇ ಕಡಿಮೆ ಮಾಡಲು ನೋಡುತ್ತದೆ, ಅಂದರೆ ರೋಟರ್ ಫೀಲ್ಡಿನ ಹಿಂದೆಯೇ, ಅದೇ ದಿಕ್ಕಿನಲ್ಲಿ ಓಡತೊಡಗುತ್ತದೆ. ಆದರೆ ಅದು ಫೀಲ್ಡನ್ನು ಪೂರ್ತಿಯಾಗಿ ಎಂದಿಗೂ ಹಿಡಿಯಲಾರದು. ಹಿಡಿದರೆ ಬಾರ್‌ಗಳನ್ನು ದಾಟುವ ಫ್ಲಕ್ಸ್ ಇಲ್ಲ, ಇಎಂಎಫ್ ಇಲ್ಲ, ಕರೆಂಟ್ ಇಲ್ಲ, ಟಾರ್ಕೂ ಇಲ್ಲ. ಫ್ರಿಕ್ಷನ್ ಒಂದೇ ಸಾಕು, ರೋಟರ್ ಮತ್ತೆ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಈ ಅಂತರವನ್ನು ಸಿಂಕ್ರೋನಸ್ ಸ್ಪೀಡಿನ ಭಾಗವಾಗಿ ಹೇಳಿದರೆ ಅದೇ ಸ್ಲಿಪ್.

s = (Ns − Nr) / Ns

fr = s f

ಇಲ್ಲಿ Nr ಎಂಬುದು ರೋಟರಿನ ವೇಗ, fr ಎಂಬುದು ರೋಟರಿನ ಕರೆಂಟಿನ ಫ್ರೀಕ್ವೆನ್ಸಿ.

ಉದಾಹರಣೆಗೆ, ನೇಮ್‌ಪ್ಲೇಟಿನಲ್ಲಿ 50 Hz, 1440 rpm ಎಂದಿದ್ದರೆ, ಅದಕ್ಕೆ ಸ್ವಲ್ಪ ಮೇಲಿರುವ ಸಿಂಕ್ರೋನಸ್ ಸ್ಪೀಡ್ 1500 ಆದ್ದರಿಂದ ಅದು 4 ಪೋಲ್ ಮೋಟಾರ್ ಎಂದು ತಿಳಿಯುತ್ತದೆ. ಸ್ಲಿಪ್ 60/1500, ಅಂದರೆ 0.04. ರೋಟರಿನ ಕರೆಂಟಿನ ಫ್ರೀಕ್ವೆನ್ಸಿ ಆಗ ಕೇವಲ 2 Hz. ಸ್ವಿಚ್ ಹಾಕಿದ ಕ್ಷಣದಲ್ಲಿ ರೋಟರ್ ಇನ್ನೂ ನಿಂತೇ ಇರುವುದರಿಂದ ಸ್ಲಿಪ್ 1 ಆಗಿದ್ದು, ರೋಟರ್ ಫ್ರೀಕ್ವೆನ್ಸಿ 50 Hz ಇರುತ್ತದೆ. ಲೋಡ್ ಹೆಚ್ಚಿದಾಗ ರೋಟರ್ ಇನ್ನಷ್ಟು ಹಿಂದೆ ಬೀಳುತ್ತದೆ, ಸ್ಲಿಪ್ ಹೆಚ್ಚುತ್ತದೆ, ಅದರಿಂದಲೇ ಕರೆಂಟೂ ಟಾರ್ಕೂ ಹೆಚ್ಚಿ ಹೊಸ ಲೋಡನ್ನು ಹೊರುತ್ತವೆ.

ಪವರ್ ಹಂಚಿಕೆಯನ್ನೂ ಸ್ಲಿಪ್ಪೇ ನಿರ್ಧರಿಸುತ್ತದೆ. ಏರ್ ಗ್ಯಾಪ್ ದಾಟಿ ರೋಟರಿಗೆ ಬಂದ ಪವರಿನಲ್ಲಿ s ಭಾಗ ರೋಟರ್ ಕಾಪರ್ ಲಾಸ್ ಆಗಿ, (1 − s) ಭಾಗ ಮೆಕ್ಯಾನಿಕಲ್ ಪವರ್ ಆಗಿ ಹೋಗುತ್ತದೆ. ಮೇಲಿನ ಮೋಟಾರಿಗೆ ಏರ್ ಗ್ಯಾಪ್ ಪವರ್ 4000 W ಎಂದಿಟ್ಟುಕೊಂಡರೆ 160 W ಶಾಖವಾಗಿ ವ್ಯಯವಾಗುತ್ತದೆ, 3840 W ಮೆಕ್ಯಾನಿಕಲ್ ಪವರ್ ಆಗುತ್ತದೆ. ಫ್ರಿಕ್ಷನ್ ಮತ್ತು ವಿಂಡೇಜ್ ಲಾಸ್ ಕಳೆದ ಮೇಲೆ ಉಳಿಯುವುದೇ ಶಾಫ್ಟ್ ಔಟ್‌ಪುಟ್.

4. ಟಾರ್ಕ್ ಸ್ಲಿಪ್ ಕರ್ವ್

ಸ್ಲಿಪ್ ಸೊನ್ನೆಯಲ್ಲಿ ಟಾರ್ಕ್ ಸೊನ್ನೆ. ಸ್ಲಿಪ್ ಚಿಕ್ಕದಿರುವಷ್ಟು ಕಾಲ ಕರ್ವ್ ಹೆಚ್ಚುಕಡಿಮೆ ನೇರ ಗೆರೆಯಂತೆ ಏರಿ, ಮ್ಯಾಕ್ಸಿಮಮ್ ಟಾರ್ಕ್ ಮುಟ್ಟಿ, ನಂತರ ಸ್ಲಿಪ್ 1ರವರೆಗೆ ಇಳಿಯುತ್ತದೆ. ಸ್ಟೇಟರ್ ಇಂಪಿಡೆನ್ಸನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಮ್ಯಾಕ್ಸಿಮಮ್ ಟಾರ್ಕ್ ಬರುವುದು ಈ ಸ್ಲಿಪ್ಪಿನಲ್ಲಿ:

sm = R2 / X2

ಇಲ್ಲಿ R2 ಮತ್ತು X2 ಎಂದರೆ ರೋಟರ್ ನಿಂತಿರುವಾಗ ಅದರ ಪ್ರತಿ ಫೇಸಿನ ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್. R2 ಬದಲಾದರೆ ಮ್ಯಾಕ್ಸಿಮಮ್ ಟಾರ್ಕಿನ ಪ್ರಮಾಣ ಬದಲಾಗುವುದಿಲ್ಲ, ಅದು ಬರುವ ಸ್ಲಿಪ್ ಮಾತ್ರ ಬದಲಾಗುತ್ತದೆ. 4 ಪೋಲ್, 50 Hz ಸ್ಲಿಪ್ ರಿಂಗ್ ಮೋಟಾರಿನಲ್ಲಿ R2 = 0.2 Ω, X2 = 1 Ω ಇದ್ದರೆ ಮ್ಯಾಕ್ಸಿಮಮ್ ಟಾರ್ಕ್ 1200 rpm ವೇಗದಲ್ಲಿ ಬರುತ್ತದೆ; ಸ್ಟಾರ್ಟ್ ಆಗುವಾಗಲೇ ಅದು ಬೇಕೆಂದರೆ ಸ್ಲಿಪ್ ರಿಂಗುಗಳ ಮೂಲಕ ಪ್ರತಿ ಫೇಸಿಗೆ 0.8 Ω ಹೊರಗಿನಿಂದ ಸೇರಿಸಬೇಕು.

5. ಸ್ಟಾರ್ ಡೆಲ್ಟಾ ಸ್ಟಾರ್ಟರ್

ಸ್ಕ್ವಿರಲ್ ಕೇಜ್ ಮೋಟಾರನ್ನು ನೇರವಾಗಿ ಲೈನಿಗೆ ಹಾಕಿದರೆ ಕರೆಂಟ್ ಸಾಮಾನ್ಯವಾಗಿ ಫುಲ್ ಲೋಡಿನ 5ರಿಂದ 7 ಪಟ್ಟು ಏರುತ್ತದೆ. ಅದಕ್ಕಾಗಿ ಡೆಲ್ಟಾದಲ್ಲಿ ಓಡಬೇಕಾದ ಮೋಟಾರನ್ನು ಮೊದಲು ಸ್ಟಾರ್‌ನಲ್ಲಿ ಎಬ್ಬಿಸುತ್ತಾರೆ. ಆಗ ಪ್ರತಿ ವೈಂಡಿಂಗಿಗೆ 415 V ಬದಲು 240 V ಮಾತ್ರ ಸಿಗುವುದರಿಂದ ಲೈನ್ ಕರೆಂಟ್ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಟಾರ್ಟಿಂಗ್ ಟಾರ್ಕೂ ಮೂರನೆಯ ಒಂದು ಭಾಗವೇ ಆಗುತ್ತದೆ ಎಂಬುದನ್ನು ಉತ್ತರದಲ್ಲಿ ಬಿಡಬಾರದು. ಭಾರದ ಲೋಡಿನೊಂದಿಗೆ ಎದ್ದೇಳಬೇಕಾದ ಯಂತ್ರಕ್ಕೆ ಈ ಸ್ಟಾರ್ಟರ್ ಹೊಂದದಿರುವುದು ಅದರಿಂದಲೇ. ವೈಂಡಿಂಗಿನ ಆರೂ ತುದಿಗಳು ಹೊರಗೆ ಬಂದಿರಬೇಕು. ಸ್ಟಾರ್‌ನಲ್ಲಿ U2, V2, W2 ಒಟ್ಟಿಗೆ ಸೇರುತ್ತವೆ. ಡೆಲ್ಟಾದಲ್ಲಿ U1 ಜೊತೆ W2, V1 ಜೊತೆ U2, W1 ಜೊತೆ V2 ಸೇರುತ್ತವೆ.

6. ಸಿಂಗಲ್ ಫೇಸಿಂಗ್

ನಿಂತಿರುವ ಮೋಟಾರಿಗೆ ಮೂರರಲ್ಲಿ ಒಂದು ಫೇಸ್ ಬರದಿದ್ದರೆ ತಿರುಗುವ ಫೀಲ್ಡ್ ಹುಟ್ಟುವುದಿಲ್ಲ. ಮೋಟಾರ್ ಗುಂಯ್ ಎನ್ನುತ್ತದೆಯೇ ಹೊರತು ಏಳುವುದಿಲ್ಲ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಲೋಡ್ ತೀರಾ ಹೆಚ್ಚಿಲ್ಲದಿದ್ದರೆ ಮೋಟಾರ್ ನಿಲ್ಲದೆ ಓಡುತ್ತಲೇ ಇರುತ್ತದೆ, ಉಳಿದ ಎರಡು ಲೈನುಗಳಲ್ಲಿ ಕರೆಂಟ್ ಏರಿ ವೈಂಡಿಂಗ್ ಕಾಯುತ್ತದೆ, ಹತ್ತಿರ ಯಾರೂ ಇಲ್ಲದ ಹೊಲದ ಪಂಪ್‌ಸೆಟ್ಟಿನಲ್ಲಿ ಸುಟ್ಟ ವಾಸನೆ ಬರುವವರೆಗೂ ವಿಷಯ ಗೊತ್ತಾಗುವುದಿಲ್ಲ. ಫ್ಯೂಸ್ ಇದ್ದರೂ ಇದನ್ನು ತಡೆಯುತ್ತದೆಂದು ನಂಬುವಂತಿಲ್ಲ, ಏಕೆಂದರೆ ಒಂದು ಲೈನಿನ ಫ್ಯೂಸ್ ಮಾತ್ರ ಹೋದಾಗ ಸಿಂಗಲ್ ಫೇಸಿಂಗ್ ಅದರಿಂದಲೇ ಆಗುತ್ತದೆ. ಆದ್ದರಿಂದ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಜೊತೆಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇರಬೇಕು. ಅದು ಫೇಸ್ ತಪ್ಪಿದ ಕೂಡಲೇ ಕಾಂಟ್ಯಾಕ್ಟರ್ ಕಾಯಿಲಿನ ಸರ್ಕ್ಯೂಟ್ ಕಡಿದು ಮೂರೂ ಲೈನುಗಳನ್ನು ಒಟ್ಟಿಗೆ ಬಿಡಿಸುತ್ತದೆ.